ಐವತ್ತೆರಡು ಮಾತ್ರೆ ಕಾದ ಬೆವರು

ಮುಧೋಳದ ಬಸ್ ಸ್ಟ್ಯಾಂಡಿನಲ್ಲಿ ಜಮಖಂಡಿ ಬಸ್ಸು ತಿರುವಿನಲ್ಲಿ ಕಂಡ ಕೂಡಲೇ ಯಾರಾದರೂ ‘ಬಂತ್ ನೋಡ್ರಿ ಬಸ್ಸು’ ಅನ್ನುತ್ತಾರೆ. ಬೀಳಗಿ ಕಡೆಯ ಹೊಲದಲ್ಲಿ ‘ತಂದಾಳೇನ ಬುತ್ತಿ ನಿಮ್ಮವ್ವ?’ ಎಂದು ಕೇಳುತ್ತಾರೆ. ರಬಕವಿ-ಬನಹಟ್ಟಿಯ ಮಗ್ಗದ ಮನೆಯಲ್ಲಿ ‘ಎಲ್ಲಿಗಿ ಹೊಂಟಾನ ಅಂವ?’ ಎಂಬ ಮಾತು ದಿನಕ್ಕೆ ಎಷ್ಟು ಸಲ ಬರುತ್ತದೋ. ವ್ಯಾಕರಣದ ಪುಸ್ತಕ ಕನ್ನಡ ವಾಕ್ಯಕ್ಕೆ ಕರ್ತೃ, ಕರ್ಮ, ಕ್ರಿಯೆ ಎಂದು ಸಾಲು ಹಚ್ಚಿಕೊಟ್ಟಿದೆ. ಈ ಮಾತುಗಳಲ್ಲಿ ಕರ್ತೃ ಸಾಲು ಬಿಟ್ಟು ಹಿಂದೆ ಹೋಗಿ ನಿಂತಿದೆ. ಇದನ್ನು ಯಾರೂ ತಪ್ಪು ಅನ್ನುವುದಿಲ್ಲ, ಯಾರಿಗೂ ಗೊಂದಲವೂ ಆಗುವುದಿಲ್ಲ. ಬಸ್ಸಿಗೇ ಎಲ್ಲರೂ ಕಾಯುತ್ತಿದ್ದರು. ಸುದ್ದಿ ಇದ್ದದ್ದು ‘ಬಂತು’ ಎಂಬುದರಲ್ಲಿ. ಸುದ್ದಿ ಮುಂದೆ ಬಂತು, ಗೊತ್ತಿದ್ದ ಸಂಗತಿ ಹಿಂದೆ ಉಳಿಯಿತು.

ಇದೇ ಮುಧೋಳದವನು ರನ್ನ. ಆಗ ಊರಿನ ಹೆಸರು ಮುದುವೊಳಲು. ಹುಟ್ಟಿದ್ದು 949ರಲ್ಲಿ, ಬಳೆ ಮಾರುವವರ ಮನೆಯಲ್ಲಿ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ ‘ಅಜಿತಪುರಾಣ’ವನ್ನು 993ರಲ್ಲಿ ಮುಗಿಸಿದ. ಚಾಲುಕ್ಯರ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ‘ಸಾಹಸಭೀಮವಿಜಯ’ ಬರೆದ. ನಾವು ‘ಗದಾಯುದ್ಧ’ ಎಂದು ಕರೆಯುವುದು ಅದನ್ನೇ. ಊರಿನ ಹೆಸರನ್ನು ಈಗ ದೇಶಕ್ಕೆಲ್ಲ ಮುಟ್ಟಿಸುತ್ತಿರುವುದು ಕವಿಗಿಂತ ಹೆಚ್ಚಾಗಿ ಮುಧೋಳ ನಾಯಿ. ಆದರೂ ಪಕ್ಕದ ಬೆಳಗಲಿ ಇವತ್ತಿಗೂ ರನ್ನ ಬೆಳಗಲಿಯೇ.

‘ಗದಾಯುದ್ಧ’ದಲ್ಲಿ ಒಂದು ಕಂದಪದ್ಯವಿದೆ. ಹಳಗನ್ನಡ ಓದಿದ ಬಹುಪಾಲು ಜನರಿಗೆ ಅದು ಬಾಯಿಪಾಠ. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ, ದಂಡೆಯ ಮೇಲೆ ನಿಂತು ಭೀಮ ಗರ್ಜಿಸುತ್ತಾನೆ, ಆ ಗರ್ಜನೆ ನೀರೊಳಗಿನವನಿಗೆ ಮುಟ್ಟುತ್ತದೆ. ಪದ್ಯದ ಸಂಗತಿ ಇಷ್ಟೇ. ಮೇಷ್ಟ್ರು ಸಾರಾಂಶ ಬರೆಸಿದರೆ ಒಂದೂವರೆ ಸಾಲಿಗೆ ಮುಗಿಯುತ್ತದೆ: ದುರ್ಯೋಧನನು ಆ ಸದ್ದನ್ನು ಕೇಳಿ ಸಿಟ್ಟಿನಿಂದ ಕಣ್ಣು ಕೆಂಪಾಗಿ ನೀರಿನಲ್ಲಿದ್ದರೂ ಬೆವರಿದನು. ಅರ್ಥವೆಲ್ಲ ಬಂತು. ಆದರೆ ಪದ್ಯ ಕೇಳಿದಾಗ ಮೈ ಜುಮ್ಮೆಂದಿತ್ತಲ್ಲ, ಅದು ಈ ಸಾರಾಂಶದಲ್ಲಿ ಇಲ್ಲ. ಪದಗಳ ಅರ್ಥ ಕಳೆದಿಲ್ಲವಾದ್ದರಿಂದ ಕಳೆದದ್ದು ಪದಗಳ ಸರದಿಯೇ ಇರಬೇಕು.

ಆ ಸರದಿಯನ್ನು ಅಳೆದು ನೋಡಬಹುದು, ಕಂದಕ್ಕೆ ಲೆಕ್ಕ ಗಟ್ಟಿ ಇದೆ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನದು ಮತ್ತು ಅನುಸ್ವಾರ ಇರುವುದು ಕೂಡ ಎರಡು. ಒಂದು ಮತ್ತು ಮೂರನೆಯ ಸಾಲಿಗೆ 12 ಮಾತ್ರೆ, ಎರಡು ಮತ್ತು ನಾಲ್ಕನೆಯದಕ್ಕೆ 20. ಒಟ್ಟು 64. ಅವನ್ನು ನಾಲ್ಕು ನಾಲ್ಕರ ಗಣಗಳಾಗಿ ಕತ್ತರಿಸುತ್ತಾರೆ. ಅರ್ಧಕ್ಕೆ ಎಂಟು ಗಣ.

ರನ್ನ ಈ 64 ಮಾತ್ರೆಗಳನ್ನು ಹಂಚಿದ ಬಗೆ ನೋಡಿ. ಮೊದಲ 30 ಮಾತ್ರೆ ಪೂರ್ತಿ ಸದ್ದಿಗೇ ಹೋಗಿವೆ. ಆ ಸದ್ದು, ಸಿಂಹದ ಸದ್ದನ್ನು ಗೆದ್ದ ಸದ್ದು, ಮೋಡದ ಸದ್ದನ್ನು ಬದಿಗೆ ತಳ್ಳಿದ ಸದ್ದು ಎಂದು ಮೂರು ಸಲ. ಮೂರೂ ದ್ವಿತೀಯಾ ವಿಭಕ್ತಿಯಲ್ಲಿವೆ. ನಾವು ‘ಅನ್ನು’ ಹಚ್ಚುವ ಕಡೆ ಹಳಗನ್ನಡ ಇಲ್ಲಿ ‘ಮಂ’ ಹಚ್ಚುತ್ತದೆ. ಅದು ಕಿವಿಗೆ ಬಿದ್ದ ಕೂಡಲೇ ಕೇಳುವವನ ಮನಸ್ಸಿನಲ್ಲಿ ಒಂದು ಸಾಲ ನಿಲ್ಲುತ್ತದೆ: ಸದ್ದನ್ನು ಏನು ಮಾಡಿದರು? ಯಾರು ಮಾಡಿದರು? ಎರಡನೆಯ ‘ಮಂ’ ಬಂದಾಗ ಸಾಲ ತೀರಲಿಲ್ಲ, ಬೆಳೆಯಿತು. ಮೂರನೆಯದಕ್ಕೆ ಇನ್ನಷ್ಟು. ಪದ್ಯದ ಅರ್ಧ ಮುಗಿಯುತ್ತ ಬಂದರೂ ಯಾರೂ ಏನೂ ಮಾಡಿಲ್ಲ. ಸದ್ದು ಮಾತ್ರ ದೊಡ್ಡದಾಗುತ್ತ ಹೋಗಿದೆ.

ಅರ್ಧಕ್ಕೆ ಬಂದಾಗಲಾದರೂ ಉಸಿರು ತೆಗೆದುಕೊಳ್ಳೋಣ ಎಂದರೆ ಕವಿ ಬಿಡುವುದಿಲ್ಲ. ಎರಡನೆಯ ಸಾಲಿನ ಕೊನೆಯ ಎರಡು ಮಾತ್ರೆಯಲ್ಲಿ ‘ಕೋಪ’ ಎಂಬ ಪದದ ‘ಕೋ’ ಮಾತ್ರ ಇದೆ. ಉಳಿದದ್ದು ಮೂರನೆಯ ಸಾಲಿಗೆ. ಕನ್ನಡ ಕಾವ್ಯಕ್ಕೆ ಎರಡನೆಯ ಅಕ್ಷರದ ಪ್ರಾಸ ತಪ್ಪಿಸುವಂತಿಲ್ಲ, ಯತಿ ತಪ್ಪಿದರೆ ಮಾತ್ರ ಯಾರೂ ದಂಡ ಹಾಕುವುದಿಲ್ಲ. ಸಾಲಿನ ಕೊನೆಗೆ ಪದ ಒಡೆಯುವುದು ಹಾಗಾಗಿ ವಿಶೇಷವೇನೂ ಅಲ್ಲ. ಆದರೆ ಇಲ್ಲಿ ಒಡೆದದ್ದು ನಡುಮಧ್ಯದಲ್ಲಿ, ಅದೂ ಸಿಟ್ಟು ಮೊದಲ ಸಲ ಕಾಣಿಸಿಕೊಳ್ಳುವ ಪದ. ಓದುವವನು ನಿಲ್ಲಬೇಕಾದ ಜಾಗದಲ್ಲಿ ಅರ್ಧ ಸಿಟ್ಟು ಬಾಯಲ್ಲಿ ಇಟ್ಟುಕೊಂಡು ಮುಂದಕ್ಕೆ ಹಾಯಬೇಕು.

ಆ ‘ಕೋ’ದಿಂದ ಶುರುವಾಗಿ 10 ಮಾತ್ರೆಯಲ್ಲಿ ಸಿಟ್ಟಿಗೆ ಕಣ್ಣು ಕೆಂಪಾದವನು ಬರುತ್ತಾನೆ. ಯಾರವನು? ಹೆಸರಿಲ್ಲ. ಇಲ್ಲಿ ಒಂದು ಕ್ಷಣ ಕೇಳುವವನ ಕಾಲು ಜಾರುತ್ತದೆ, ನನ್ನ ಮಟ್ಟಿಗೆ ಪದ್ಯದ ಅತ್ಯಂತ ಚುರುಕಾದ ಜಾಗ ಇದೇ. ಇಷ್ಟು ಹೊತ್ತೂ ಕೇಳಿದ್ದು ಭೀಮನ ಗರ್ಜನೆ. ಸಿಟ್ಟು ಯಾರಿಗೆ ಎಂದರೆ ಮೊದಲು ನೆನಪಾಗುವವನೂ ಭೀಮನೇ. ಕಣ್ಣು ಕೆಂಪಾದವನು ಎಂದ ಕೂಡಲೇ ಮನಸ್ಸು ದಂಡೆಯ ಮೇಲಿನ ಭೀಮನ ಕಡೆ ಹೊರಳುತ್ತದೆ. ಅದರ ಬೆನ್ನಿಗೇ ‘ಕೇಳಿ’ ಎಂಬ ಅರ್ಥದ ಪದ. ತನ್ನ ಗರ್ಜನೆಯನ್ನು ತಾನೇ ಕೇಳಿ ಯಾರೂ ಸಿಟ್ಟಿಗೇಳುವುದಿಲ್ಲ. ಹಾಗಾದರೆ ಇವನು ಅವನಲ್ಲ. ನೋಟ ದಂಡೆ ಬಿಟ್ಟು ನೀರಿಗೆ ಇಳಿಯಿತು. ಹೆಸರು ಹೇಳದೆ, ‘ಇತ್ತ ದುರ್ಯೋಧನನಾದರೋ’ ಎಂಬ ಪೀಠಿಕೆ ಇಲ್ಲದೆ, ಒಂದು ಪೂರ್ವಕಾಲದ ಕೃದಂತದಿಂದ ರನ್ನ ದೃಶ್ಯವನ್ನೇ ತಿರುಗಿಸಿಬಿಟ್ಟ.

‘ಕೇಳಿ’ ಎಂಬುದಕ್ಕೂ ಸಾಲ ತೀರಿಸುವ ಶಕ್ತಿ ಇಲ್ಲ. ಕೇಳಿ ಏನು ಮಾಡಿದ? ಮುಂದಿನ 8 ಮಾತ್ರೆಯಲ್ಲಿ ‘ನೀರಿನಲ್ಲಿದ್ದೂ’ ಎಂಬ ಅರ್ಥ ಬರುತ್ತದೆ. ಇದು ಇನ್ನೂ ಮೋಸದ ಪದ. ‘ಇದ್ದು’ ಎಂದಿದ್ದರೆ ಬರೀ ಜಾಗ ಹೇಳಿದಂತಾಗುತ್ತಿತ್ತು. ‘ಇದ್ದೂ’ ಎಂದಾಗ ನೀರಿನಲ್ಲಿ ಇರುವವನಿಗೆ ಆಗಬಾರದ್ದೇನೋ ಆಗಲಿದೆ ಎಂಬ ಮುನ್ಸೂಚನೆ ಬಂತು. ಸಿಟ್ಟಿನಿಂದ ಕಣ್ಣು ಕೆಂಪಾಗಿದೆ, ಸದ್ದು ಕೇಳಿದ್ದಾನೆ. ಇನ್ನು ಗುಡುಗಿದ, ಎದ್ದ, ಗದೆ ಹಿಡಿದ ಎಂಬಂಥದ್ದೇನೋ ಬರಬೇಕು ಎಂದು ಕಿವಿ ಕಾಯುತ್ತದೆ. ಆಗ ಬರುವುದು ಬೆವರು. ಅದಕ್ಕೆ ಸಿಕ್ಕದ್ದು ಬರೀ 4 ಮಾತ್ರೆ, ಒಂದು ಗಣ.

ಅಂದರೆ 64ರಲ್ಲಿ 52 ಮಾತ್ರೆ ಕಳೆದ ಮೇಲೆ ಮುಖ್ಯ ಕ್ರಿಯಾಪದ ಬಂತು. ಅದು ಬಂದ ಜಾಗಕ್ಕೆ ಛಂದಸ್ಸಿನಲ್ಲೂ ಒಂದು ಬೆಲೆ ಇದೆ. ಕಂದದ ಪ್ರತಿ ಅರ್ಧದಲ್ಲೂ ಆರನೆಯ ಗಣಕ್ಕೆ ಒಂದು ನಿಯಮ: ಅಲ್ಲಿ ಲಘು-ಗುರು-ಲಘು ಬರಬೇಕು, ಇಲ್ಲವೇ ನಾಲ್ಕೂ ಲಘುವಾಗಿರಬೇಕು. ನಡೆಯುತ್ತಿದ್ದ ಲಯ ಅಲ್ಲಿ ಸಣ್ಣಗೆ ಮುಗ್ಗರಿಸಿದಂತೆ ಆಗಿ ಮತ್ತೆ ಸರಿಹೋಗುತ್ತದೆ. ಕಂದವನ್ನು ಕಂದ ಎಂದು ಕಿವಿ ಗುರುತು ಹಿಡಿಯುವುದೇ ಆ ಮುಗ್ಗರಿಕೆಯಿಂದ. ಬೆವರಿದ ಎಂಬ ಹಳಗನ್ನಡದ ಕ್ರಿಯಾಪದ ಲಘು-ಗುರು-ಲಘುವಾಗಿ ಸರಿಯಾಗಿ ಆ ಆರನೆಯ ಗಣದಲ್ಲೇ ಕೂತಿದೆ. ವಾಕ್ಯ ಕಾಯುತ್ತಿದ್ದ ಪದವೂ ಲಯ ಕಾಯುತ್ತಿದ್ದ ಗಣವೂ ಒಂದೇ ಆಗಿಬಿಟ್ಟಿವೆ.

ಕ್ರಿಯಾಪದ ಬಂದ ಮೇಲೆ ವ್ಯಾಕರಣದ ಪ್ರಕಾರ ವಾಕ್ಯ ಮುಗಿದಂತೆಯೇ. ಕನ್ನಡದ ಕ್ರಿಯಾಪದ ತನ್ನ ಬಾಲದಲ್ಲೇ ಲಿಂಗ, ವಚನ, ಪುರುಷ ಮೂರನ್ನೂ ಕಟ್ಟಿಕೊಂಡಿರುತ್ತದೆ. ಬೆವರಿದವನು ಒಬ್ಬ ಗಂಡಸು ಎಂದು ಅದೇ ಹೇಳುತ್ತದೆ. ಆದರೂ ಕೊನೆಯ 8 ಮಾತ್ರೆಗಳನ್ನು ರನ್ನ ಕರ್ತೃವಿಗೆ ಇಟ್ಟಿದ್ದಾನೆ. ಬಸ್ ಸ್ಟ್ಯಾಂಡಿನ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕ್ರಿಯಾಪದದ ಆಚೆ ಕನ್ನಡಿಗರು ಇಡುವುದು ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು. ಸರೋವರದಲ್ಲಿ ಯಾರಿದ್ದಾರೆ ಎಂಬುದು ಕಥೆ ಕೇಳುವ ಎಲ್ಲರಿಗೂ ಗೊತ್ತು. ಹಾಗಾಗಿ ಹೆಸರನ್ನು ಕೊನೆಗೆ ಇಟ್ಟು ಗುಟ್ಟು ಕಾಯ್ದಿದ್ದಾನೆ ಎಂಬ ವಿವರಣೆ ನನಗೆ ಒಪ್ಪಿಗೆಯಾಗುವುದಿಲ್ಲ. ಇಲ್ಲಿ ತಡೆದು ಹಿಡಿದದ್ದು ಬೆವರನ್ನು. ಹೆಸರು ಬೆವರಿನ ಬೆನ್ನಿಗೆ ಬಂದದ್ದು ಬೇರೆ ಕೆಲಸಕ್ಕೆ.

ಆ ಹೆಸರು ದುರ್ಯೋಧನ ಎಂದಿಲ್ಲ, ಕೌರವ ಎಂದಿಲ್ಲ; ಹಾವಿನ ಬಾವುಟದವನು ಎಂದಿದೆ. ಹದಿನೆಂಟನೆಯ ದಿನ, ಸೈನ್ಯವೆಲ್ಲ ಸತ್ತು ಬಿದ್ದಿದೆ. ಶರಶಯ್ಯೆಯಲ್ಲಿದ್ದ ಭೀಷ್ಮ ಹೇಳಿದ್ದಕ್ಕೆ ಈ ಒಂದು ದಿನ ಕಳೆಯಲಿ ಎಂದು ಅರಸ ನೀರು ಸೇರಿದ್ದಾನೆ. ಏರಲು ರಥವಿಲ್ಲ, ಹಾರಿಸಲು ಬಾವುಟವಿಲ್ಲ. ಬೆವರಿದ ಎಂದ ಮೇಲೆ ಆ ಇಲ್ಲದ ಬಾವುಟದ ಹೆಸರಿನಿಂದ ಅವನನ್ನು ಕರೆದದ್ದರಲ್ಲಿ ಮರುಕವೂ ಇದೆ, ಬಿಗುಮಾನವೂ ಇದೆ. ಇದೇ ಬಿರುದು ಪದ್ಯದ ಮೊದಲಿಗೆ ಬಂದಿದ್ದರೆ ದರ್ಬಾರಿನ ಹೊಗಳಿಕೆಯಂತೆ ಕೇಳಿಸಿ ಹೋಗುತ್ತಿತ್ತು.

ಇಷ್ಟೆಲ್ಲ ಕವಿಯ ಆಯ್ಕೆಯೇ, ಛಂದಸ್ಸಿನ ಒತ್ತಾಯ ಏನೂ ಇಲ್ಲವೇ ಎಂದು ಕೇಳುವವರಿದ್ದಾರೆ, ಕೇಳಲೇಬೇಕು. ಒತ್ತಾಯ ಇದೆ. ‘ಕೌರವರಾಜಂ’ ಎಂಬುದೂ ಎಣಿಸಿದರೆ 8 ಮಾತ್ರೆ. ಆದರೆ ಅದು ವ್ಯಂಜನದಿಂದ ಶುರುವಾಗುತ್ತದೆ. ಹಿಂದಿನ ಕ್ರಿಯಾಪದದ ಕೊನೆಯ ‘ನ್’ ಅದಕ್ಕೆ ತಗುಲಿದರೆ ಕೊನೆಯ ಲಘು ಗುರುವಾಗಿ ಆರನೆಯ ಗಣ ಕೆಡುತ್ತದೆ. ಸ್ವರದಿಂದ ಶುರುವಾಗುವ ಹೆಸರೇ ಬೇಕಿತ್ತು, ಆಗ ಆ ‘ನ್’ ಸ್ವರದ ಜೊತೆ ಕೂಡಿ ಮುಂದಿನ ಗಣಕ್ಕೆ ದಾಟುತ್ತದೆ. ಹಾವಿನ ಬಾವುಟದವನು ಎಂಬ ಸಂಸ್ಕೃತ ಸಮಾಸ ಉಕಾರದಿಂದ ಶುರುವಾಗುತ್ತದೆ. ಛಂದಸ್ಸು ಬಾಗಿಲನ್ನು ಇಷ್ಟು ಕಿರಿದು ಮಾಡಿದಾಗ ಅದರಲ್ಲಿ ತೂರುವ ಪದಗಳಲ್ಲಿ ಸರಿಯಾದದ್ದನ್ನು ಆರಿಸಿದ್ದು ರನ್ನ. ಇವೆರಡನ್ನೂ ಬಿಡಿಸಿ ಬೇರೆ ಬೇರೆ ಇಡಲು ನನಗಂತೂ ಬರುವುದಿಲ್ಲ.

ಹಳೆಯ ಪಂಡಿತರು ಇಂಥ ಪದ್ಯವನ್ನು ಅನ್ವಯ ಮಾಡಿಸುತ್ತಿದ್ದರು. ಮೊದಲು ಕ್ರಿಯಾಪದ ಹಿಡಿ, ಆಮೇಲೆ ಯಾರು ಎಂದು ಕೇಳು, ಏನನ್ನು ಎಂದು ಕೇಳು, ಉಳಿದದ್ದನ್ನು ಅವುಗಳಿಗೆ ಹೊಂದಿಸು. ಹೊಸದಾಗಿ ಓದುವವರು ಎಡವುವುದು ಮೊದಲ ಹೆಜ್ಜೆಯಲ್ಲೇ. ‘ಕೇಳಿ’, ‘ಇದ್ದೂ’ ಎಂಬಂಥ ರೂಪಗಳು ಕ್ರಿಯಾಪದದ ಹಾಗೇ ಕಾಣುತ್ತವೆ. ಅವುಗಳ ಬಾಲದಲ್ಲಿ ಲಿಂಗ-ವಚನ-ಪುರುಷ ಇದೆಯೇ ಎಂದು ನೋಡಿದರೆ ಇಲ್ಲ. ಹಾಗಾಗಿ ಅವು ವಾಕ್ಯ ಮುಗಿಸಲಾರವು. ಇನ್ನೊಂದು ಎಡವು ಕಣ್ಣು ಕೆಂಪಾದವನದ್ದು. ಅದನ್ನು ಭೀಮನಿಗೆ ಅಂಟಿಸಿ ಮುಂದೆ ಹೋದವರಿಗೆ ಕೊನೆಯ ಪದ ಬಂದಾಗ ವಾಕ್ಯದಲ್ಲಿ ಇಬ್ಬರು ಕರ್ತೃಗಳು ಕಾಣುತ್ತಾರೆ, ಕ್ರಿಯಾಪದ ಒಂದೇ. ಲೆಕ್ಕ ಕೂಡದಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ. ಅನ್ವಯ ಬೇಕು. ಅದಿಲ್ಲದೆ ಹಳಗನ್ನಡ ಬರುವುದಿಲ್ಲ. ಆದರೆ ಅನ್ವಯ ಮುಗಿದ ಮೇಲೆ ಪದ್ಯವನ್ನು ಇದ್ದ ಸರದಿಯಲ್ಲೇ ಮತ್ತೊಮ್ಮೆ ಓದಬೇಕು. ನಮ್ಮ ತರಗತಿಗಳಲ್ಲಿ ಈ ಎರಡನೆಯ ಓದು ತಪ್ಪಿಹೋಗಿದೆ, ಗೈಡಿನಲ್ಲಿ ಸಾರಾಂಶಕ್ಕೆ ಜಾಗವಿದೆ, ಸರದಿಗಿಲ್ಲ.

ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಇಲ್ಲಿ ಮಿಲ್ಟನ್ ನೆನಪಾಗದೆ ಇರುವುದಿಲ್ಲ. 1667ರಲ್ಲಿ ಬಂದ ಅವನ ‘ಪ್ಯಾರಡೈಸ್ ಲಾಸ್ಟ್’ ಶುರುವಾಗುವುದೇ 16 ಸಾಲುಗಳ ಒಂದು ವಾಕ್ಯದಿಂದ. ಮನುಷ್ಯನ ಮೊದಲ ತಪ್ಪು, ಹಣ್ಣು, ಸಾವು, ಕಳೆದುಹೋದ ತೋಟ ಎಲ್ಲ ಬಂದ ಮೇಲೆ ಆರನೆಯ ಸಾಲಿನ ಮೊದಲಿಗೆ ‘ಹಾಡು’ ಎಂಬ ಕ್ರಿಯಾಪದ ಬರುತ್ತದೆ. ಅಲ್ಲಿಯವರೆಗೂ ಓದುಗ ತೂಗುತ್ತ ಇರಬೇಕು. ಇಂಗ್ಲಿಷಿನಲ್ಲಿ ಯಾರು ಯಾರನ್ನು ಹೊಡೆದರು ಎಂದು ತಿಳಿಯುವುದು ಪದ ನಿಂತ ಜಾಗದಿಂದ. ಜಾಗ ಅದಲುಬದಲಾದರೆ ಹೊಡೆದವನೇ ಹೊಡೆಸಿಕೊಂಡವನಾಗುತ್ತಾನೆ. ಹಾಗಾಗಿ ಮಿಲ್ಟನ್ ತನ್ನ ಭಾಷೆಯನ್ನು ಲ್ಯಾಟಿನ್ನಿನ ಕಡೆಗೆ ಬಗ್ಗಿಸಬೇಕಾಯಿತು, ಬಗ್ಗಿಸಿದ್ದಕ್ಕೆ ಬೈಸಿಕೊಂಡ. ರನ್ನನಿಗೆ ಆ ಕಷ್ಟವಿಲ್ಲ. ಪ್ರತಿ ಪದವೂ ತನ್ನ ವಿಭಕ್ತಿಯನ್ನು ಮೈಮೇಲೆ ಹೊತ್ತುಕೊಂಡೇ ಬರುತ್ತದೆ, ಎಲ್ಲಿ ನಿಂತರೂ ಅದರ ಕೆಲಸ ಅದಕ್ಕೆ ಗೊತ್ತು. ಕ್ರಿಯಾಪದ ತಡವಾಗಿ ಬರುವುದಂತೂ ಕನ್ನಡದಲ್ಲಿ ದಿನದ ಮಾತು. ಆದ್ದರಿಂದ ಈ ಪದ್ಯ ಪೂರ್ತಿ ತಲೆಕೆಳಗಾಗಿದೆ ಎನ್ನುವುದು ತಪ್ಪು ಲೆಕ್ಕ. ಮಿಲ್ಟನ್ನಿನ ಓದುಗನಿಗೆ ವಿಚಿತ್ರವಾಗಿ ಕಾಣುವ 52 ಮಾತ್ರೆಯ ಕಾಯುವಿಕೆ ನಮಗೆ ಸಹಜ. ಕ್ರಿಯಾಪದದ ಆಚೆಗಿನ 8 ಮಾತ್ರೆಯೇ ನಮ್ಮ ಕಿವಿಗೆ ವಿಶೇಷ.

ಆದರೆ ರನ್ನನಿಗಿದ್ದ ಒಂದು ಅನುಕೂಲ ಇವತ್ತಿನ ಕವಿಗಿಲ್ಲ. ಸಿಟ್ಟಿನ ಕಣ್ಣಿನವನು 31ನೆಯ ಮಾತ್ರೆಯಲ್ಲಿ ಶುರುವಾಗಿ 40ಕ್ಕೆ ಮುಗಿದ. ಹಾವಿನ ಬಾವುಟದವನು 57ಕ್ಕೆ ಬಂದ. ನಡುವೆ 16 ಮಾತ್ರೆಯ ಅಂತರವಿದ್ದರೂ ಇಬ್ಬರೂ ಒಬ್ಬನೇ ಎಂದು ಕಿವಿಗೆ ತಿಳಿಯುತ್ತದೆ, ಎರಡೂ ಪದ ಪ್ರಥಮಾ ವಿಭಕ್ತಿಯ ‘ಂ’ ಹಚ್ಚಿಕೊಂಡಿವೆ. ಹೊಸಗನ್ನಡದಲ್ಲಿ ಆ ‘ಂ’ ಉದುರಿಹೋಯಿತು. ನಮ್ಮ ವಿಶೇಷಣಕ್ಕೆ ಸ್ವಂತ ಕಾಲಿಲ್ಲ. ‘ಕೆಂಗಣ್ಣಿನ’ ಎಂದ ಮೇಲೆ ‘ಅಣ್ಣ’ ಪಕ್ಕದಲ್ಲೇ ಬರಬೇಕು. ‘ಕೆಂಗಣ್ಣಿನ ಚೀಟಿ ಓದಿ ಅತ್ತ ಅಣ್ಣ’ ಎಂದರೆ ಚೀಟಿಗೇ ಕಣ್ಣು ಕೆಂಪಾಗಿರುತ್ತದೆ. ಬೇರೆ ಮಾಡಲೇಬೇಕೆಂದರೆ ‘ಕೆಂಗಣ್ಣಿನವ ಚೀಟಿ ಓದಿ ಅತ್ತ, ಅಣ್ಣ’ ಎಂದು ಎರಡು ನಾಮಪದ ಮಾಡಿಕೊಳ್ಳಬೇಕು, ಅದರಲ್ಲಿ ಅಲ್ಪವಿರಾಮ ಬಂದು ಕೂರುತ್ತದೆ. ಕುಮಾರವ್ಯಾಸ ಇದೇ ಸರೋವರದ ಕಥೆಯನ್ನು ಭಾಮಿನಿಯಲ್ಲಿ ಹೇಳಿದ್ದಾನೆ. ಅಲ್ಲಿ ಒಂದು ಪದ್ಯಕ್ಕೆ 102 ಮಾತ್ರೆ, ಜಾಗ ಧಾರಾಳ. ಆದರೆ ನಡುಗನ್ನಡಕ್ಕೆ ಬರುವಷ್ಟರಲ್ಲಿ ‘ಂ’ ಸಡಿಲಾಗಿತ್ತು. ಅವನ ಬಲ ಹೆಚ್ಚಾಗಿ ಮಾತಿನ ಓಟದಲ್ಲಿದೆ, ಪಾತ್ರಗಳ ಸಂಭಾಷಣೆಯಲ್ಲಿದೆ. ರನ್ನನ ಈ ಬಗೆಯ ಬಿಗಿ ಸರದಿಯನ್ನು ಅವನಲ್ಲಿ ಹುಡುಕುವುದು ನ್ಯಾಯವಲ್ಲ.

ಉದ್ದ ವಾಕ್ಯ, ತಿರುಗಿಸಿದ ಸರದಿ ಎಲ್ಲಿದ್ದರೂ ಚಂದವೇ ಎಂದೇನೂ ಇಲ್ಲ. ಚಂಪೂ ಕಾವ್ಯಗಳಲ್ಲಿ ಪುಟಗಟ್ಟಲೆ ವಿಶೇಷಣ ಪೇರಿಸಿ ಕೊನೆಗೆ ‘ಒಪ್ಪಿದನು’ ಎಂದು ಮುಗಿಯುವ ವಾಕ್ಯಗಳಿಗೆ ಬರವಿಲ್ಲ. ಪರೀಕ್ಷೆ ಮಾಡುವುದು ಸುಲಭ. ಕ್ರಿಯಾಪದ ಬರುವ ಮುಂಚೆ ಓದು ನಿಲ್ಲಿಸಿ, ಮುಂದೆ ಏನು ಬರಬಹುದು ಎಂದು ಊಹಿಸಿ. ಊಹಿಸಿದ್ದೇ ಬಂದರೆ ಕವಿ ಸುಮ್ಮನೆ ಕಾಯಿಸಿದ್ದಾನೆ. ಈ ಕಂದದಲ್ಲಿ ‘ನೀರಿನಲ್ಲಿದ್ದೂ’ ಎಂಬಲ್ಲಿ ನಿಲ್ಲಿಸಿದರೆ, ಪದ್ಯ ಗೊತ್ತಿಲ್ಲದವರ ಬಾಯಲ್ಲಿ ಬೆವರು ಬರುವುದು ಕಷ್ಟ.

ಬಂದ ಮೇಲೂ ಅದು ಎಂಥ ಬೆವರು ಎಂಬುದು ಪೂರ್ತಿ ತೀರ್ಮಾನವಾಗುವುದಿಲ್ಲ. ಅಲಂಕಾರಶಾಸ್ತ್ರ ಎಂಟು ಸಾತ್ತ್ವಿಕ ಭಾವಗಳಲ್ಲಿ ಬೆವರನ್ನೂ ಒಂದಾಗಿ ಎಣಿಸಿದೆ, ಅದು ಸಿಟ್ಟಿಗೂ ಬರುತ್ತದೆ, ಭಯಕ್ಕೂ ಬರುತ್ತದೆ. ತರಗತಿಯಲ್ಲಿ ಹೇಳಿಕೊಡುವುದು ಸಿಟ್ಟಿನ ಬೆವರು ಎಂದು; ಕಣ್ಣು ಕೆಂಪಾದದ್ದನ್ನು ರನ್ನ ಮೊದಲೇ ಹೇಳಿಟ್ಟಿರುವುದರಿಂದ ಅದೇ ಸರಿ ಎಂದು ನನಗೂ ಅನ್ನಿಸುತ್ತದೆ. ಆದರೆ ಸಿಂಹಕ್ಕಿಂತ, ಮೋಡಕ್ಕಿಂತ ದೊಡ್ಡದೆಂದು 30 ಮಾತ್ರೆ ಬೆಳೆಸಿದ ಆ ಸದ್ದು ಇನ್ನೂ ಕಿವಿಯಲ್ಲಿದೆ. ಜೋರಾಗಿ ಓದುವವರು ಅರ್ಧದಲ್ಲಿ ಉಸಿರು ಬಿಡದೆ ಕ್ರಿಯಾಪದದವರೆಗೂ ಒಂದೇ ಎಳೆಯಲ್ಲಿ ಬಂದರೆ ಸಿಟ್ಟು ಮೇಲಾಗಿ ಕೇಳಿಸುತ್ತದೆ. ‘ನೀರಿನಲ್ಲಿದ್ದೂ’ ಎಂಬಲ್ಲಿ ಕೂದಲೆಳೆಯಷ್ಟು ತಡೆದು ಮುಂದುವರಿದರೆ ಭಯ ಇಣುಕುತ್ತದೆ. ಗಮಕಿಗಳು ಎರಡನ್ನೂ ಓದಬಲ್ಲರು, ಪದ್ಯ ಎರಡಕ್ಕೂ ಒಪ್ಪುತ್ತದೆ.